ಅಕ್ಕನಿಲ್ಲದ ಇನ್ನೊಂದು ಗ್ರೂಪ್

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ನಾನು. ಯಾರೂ ಆರಿಸಿದ್ದಲ್ಲ. ಅಪ್ಪ ತೀರಿಕೊಂಡಾಗ ವೈಕುಂಠ ಸಮಾರಾಧನೆಯ ಅಡುಗೆಯವರ ಲೆಕ್ಕ, ಬರುವವರ ಪಟ್ಟಿ ಅಂತ ನಾನೇ ಶುರು ಮಾಡಿದ ಗ್ರೂಪ್ ಹಾಗೇ ಉಳಿದುಕೊಂಡಿತು. ಅಕ್ಕ ಶಿವಮೊಗ್ಗದಲ್ಲಿ, ಅಣ್ಣ ಬೆಂಗಳೂರಿನಲ್ಲಿ, ನಾನು ಮೈಸೂರಿನಲ್ಲಿ, ತಮ್ಮ ಅಮ್ಮನ ಜೊತೆ ಹಾಸನದ ಮನೆಯಲ್ಲಿ. ಭಾವ, ಅತ್ತಿಗೆ, ತಮ್ಮನ ಹೆಂಡತಿ, ನನ್ನ ಯಜಮಾನರು, ದೊಡ್ಡವರಾದ ಮಕ್ಕಳು ಎಲ್ಲರೂ ಅದರಲ್ಲಿದ್ದಾರೆ.

ಮನೆಯವರ ಗ್ರೂಪ್ ಅಂದರೆ ಜಗಳ ಕೂಗಾಟದಲ್ಲೇ ಕಾಣಿಸುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಾನು ನೋಡಿದಂತೆ ಕೂಗಾಡುವ ಗ್ರೂಪಿಗೆ ಇನ್ನೂ ಜೀವ ಇರುತ್ತದೆ. ಹೆದರಬೇಕಾದ್ದು ತಣ್ಣಗಾದ ಗ್ರೂಪಿಗೆ. ನಮ್ಮದರಲ್ಲಿ ಆದದ್ದು ಅದೇ. ಬೆಳಗಿನ ಹೂವಿನ ಚಿತ್ರ, ಹುಟ್ಟುಹಬ್ಬದ ಕೇಕು, ಏಕಾದಶಿಯ ನೆನಪು, ಇಷ್ಟು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್ನು, ಹಾಸನದ ಮನೆಯ ಸೋರುವ ತಾರಸಿ, ಇವೆಲ್ಲ ಅಲ್ಲಿಂದ ಮಾಯವಾಗಿದ್ದವು. ಮನೆಯಲ್ಲಿ ಇಷ್ಟೆಲ್ಲ ನಡೆಯುತ್ತಿದ್ದೂ ಗ್ರೂಪಿನಲ್ಲಿ ಸುದ್ದಿಯಿಲ್ಲ ಎಂದರೆ, ಮಾತು ಬೇರೆಲ್ಲೋ ನಡೆಯುತ್ತಿದೆ ಅಂತಲೇ ಅರ್ಥ. ಇನ್ನೊಂದು ಗುರುತೂ ಉಂಟು: ಯಾರೂ ಕೇಳದ ಪ್ರಶ್ನೆಗೆ ಒಬ್ಬರು ಉತ್ತರ ಕೊಟ್ಟುಬಿಡುತ್ತಾರೆ, ಇಲ್ಲವೇ ‘ಆವತ್ತೇ ಮಾತಾಡಿದ್ವಲ್ಲ’ ಅನ್ನುತ್ತಾರೆ. ಯಾವತ್ತು, ಎಲ್ಲಿ ಅಂತ ಒಬ್ಬರಿಗೆ ಮಾತ್ರ ಗೊತ್ತಿರುವುದಿಲ್ಲ.

ಆ ಬೇರೆ ಗ್ರೂಪಿನಲ್ಲಿ ನಾನೂ ಇದ್ದೆ. ತಾರಸಿ ರಿಪೇರಿ ಹಿಡಿಯುವ ಹೊತ್ತಿಗೆ ತಮ್ಮ ‘ಮನೆ ಕೆಲಸ’ ಅಂತ ಮಾಡಿದ್ದ; ಅಣ್ಣ, ತಮ್ಮ, ನಾನು, ಮೂವರೇ. ಒಂದು ರಾತ್ರಿ ಅವನು ಅಲ್ಲಿಗೆ ಹಾಕಬೇಕಾದ ಸಾಲನ್ನು ಮನೆಯ ಗ್ರೂಪಿಗೆ ಹಾಕಿಬಿಟ್ಟ. ‘ದೊಡ್ಡಕ್ಕಂಗೆ ಎಲ್ಲಾ ಮುಗಿದ ಮೇಲೆ ಹೇಳಿದ್ರಾಯ್ತು.’ ಕ್ಷಣದಲ್ಲೇ ಅಳಿಸಿದ. ಆದರೆ ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸಿದರೆ ಅಳಿಸಿದ್ದೇವೆಂಬ ಗುರುತು ಉಳಿಯುತ್ತದೆ, ಬರೆದವರ ಹೆಸರಿನಲ್ಲೇ. ಅಕ್ಕ ಅಷ್ಟರಲ್ಲಿ ಫೋನಿನ ಪರದೆಯ ಮೇಲೆ ಬಂದ ನೋಟಿಫಿಕೇಶನ್ನಿನಲ್ಲಿ ಅದನ್ನು ಓದಿಯಾಗಿತ್ತು. ಮಾರನೇ ಬೆಳಿಗ್ಗೆ ಅವಳೂ ಒಂದು ಹೂವಿನ ಚಿತ್ರ ಹಾಕಿದಳು. ಅದನ್ನು ನೋಡಿ ಅಣ್ಣ ‘ನೋಡಿಲ್ಲ ಬಿಡು’ ಅಂದ. ಅಕ್ಕ ಯಾವತ್ತೂ ಹೂವಿನ ಚಿತ್ರ ಹಾಕಿದವಳಲ್ಲ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಇದರ ಬೇರು ಹುಡುಕುತ್ತಾ ಹೋದರೆ 2020ರ ಆಗಸ್ಟಿಗೆ ಮುಟ್ಟುತ್ತದೆ. ಆ ತಿಂಗಳ 11ರಂದು ಸುಪ್ರೀಂ ಕೋರ್ಟು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂದೇನೂ ಇಲ್ಲ ಅಂತ ತೀರ್ಪು ಕೊಟ್ಟಿತು. ಭಾವ ಆ ಸುದ್ದಿಯನ್ನು ಗ್ರೂಪಿಗೆ ಫಾರ್ವರ್ಡ್ ಮಾಡಿದರು. ಒಂದೇ ಒಂದು ಮಾತು ಸೇರಿಸಲಿಲ್ಲ. ಅದಕ್ಕೆ ಮುಂಚಿನ ವಾರವಷ್ಟೇ ಅಣ್ಣ, ಅಕ್ಕನೂ ನಾನೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟರೆ ಖಾತೆ ಮಾಡಿಸಲು ಸಲೀಸು ಅಂತ ಬರೆದಿದ್ದ. ಭಾವನ ಫಾರ್ವರ್ಡನ್ನು ಅವನು ಅದಕ್ಕೆ ಉತ್ತರ ಅಂತಲೇ ಓದಿದ. ಎಲ್ಲರ ಟಿಕ್ಕೂ ನೀಲಿಯಾಯಿತು, ಯಾರೂ ಬಾಯಿ ಬಿಡಲಿಲ್ಲ. ‘ಅಕ್ಕ ಪಾಲು ಕೇಳ್ತಿದ್ದಾಳೆ’ ಅನ್ನುವುದು ಅಲ್ಲಿಂದ ಶುರು.

ಇದರಲ್ಲೊಂದು ತಮಾಷೆಯಿದೆ. ಹಾಸನದ ಮನೆ ಪಿತ್ರಾರ್ಜಿತವೇ ಅಲ್ಲ. ಅಪ್ಪ ಮೇಷ್ಟರ ಸಂಬಳದಲ್ಲಿ ನಿವೇಶನ ಕೊಂಡು ಕಟ್ಟಿಸಿದ್ದು, ಉಯಿಲು ಬರೆದಿರಲಿಲ್ಲ. ಅಂಥ ಸ್ವಯಾರ್ಜಿತ ಆಸ್ತಿಯಲ್ಲಿ ತೀರಿಕೊಂಡವರ ತಾಯಿಗೂ ಹೆಂಡತಿಗೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಸಮಪಾಲು ಇದೆ. ಅಜ್ಜಿ ಮೊದಲೇ ಹೋಗಿದ್ದರಿಂದ ಅಮ್ಮ ಮತ್ತು ನಾವು ನಾಲ್ವರು, ಐದು ಪಾಲು. ಹೊಸ ತೀರ್ಪಿಗೂ ನಮ್ಮ ಮನೆಗೂ ಸಂಬಂಧವೇ ಇರಲಿಲ್ಲ. ಎದುರುಬದುರು ಕೂತಿದ್ದರೆ ಭಾವ ಇದನ್ನು ಓದಿ ಹೇಳುತ್ತಿದ್ದರು, ಅಣ್ಣ ‘ನಮಗೆ ಇದು ಅನ್ವಯಿಸುತ್ತಾ’ ಅಂತ ಕೇಳುತ್ತಿದ್ದ, ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಮೊದಲಾದರೆ ಇಂಥ ಮಾತನ್ನು ಸೋದರಮಾವ ಹೊತ್ತು ತರುತ್ತಿದ್ದರು. ಆ ಮನೆಯಲ್ಲಿ ಖಾರವಾಗಿ ಆಡಿದ್ದನ್ನು ಈ ಮನೆಗೆ ಬರುವಷ್ಟರಲ್ಲಿ ಅರ್ಧ ನುಂಗಿರುತ್ತಿದ್ದರು. ಗ್ರೂಪಿನಲ್ಲಿ ನುಂಗುವವರೇ ಇಲ್ಲ.

ಅಳಿಸಿದ ಸಾಲಿನ ಮಾರನೇ ದಿನ ನಾನು ಅಕ್ಕನಿಗೆ ಫೋನ್ ಮಾಡಿದೆ. ಸಮಜಾಯಿಷಿ ಕೊಡಲಿಲ್ಲ. ನಿನ್ನೆ ಅವನು ಹಾಕಿದ್ದನ್ನು ಓದಿದೆಯಾ ಅಂತ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, ‘ತಾರಸಿಗೆ ಎಷ್ಟು ಚೀಲ ಸಿಮೆಂಟು ಅಂತ ನಂಗೆ ಬೇಕಾಗಿಲ್ಲ ಕಣೇ. ಅಪ್ಪ ಕಟ್ಟಿಸಿದ ಮನೆ ಒಡೀತಿದ್ದೀವಿ ಅಂತ ಒಬ್ರಾದ್ರೂ ಒಂದು ಮಾತು ಹೇಳಬಾರ್ದಾ?’ ನಮಗೆ ಅದು ಸೋರುವ ತಾರಸಿ. ಅವಳಿಗೆ ತನ್ನನ್ನು ಬಿಟ್ಟು ಮನೆ ಕೆಡವಿ ಕಟ್ಟುವ ಹುನ್ನಾರ. ಯಾರೂ ಹೇಳದಿದ್ದಾಗ ಮನಸ್ಸು ತಾನೇ ಕಥೆ ಹೆಣೆಯುತ್ತದೆ, ಮತ್ತು ಹೆಣೆದ ಕಥೆ ನಿಜಕ್ಕಿಂತ ಯಾವಾಗಲೂ ದೊಡ್ಡದೇ.

ತಮ್ಮ ತಕ್ಷಣ ‘ದೊಡ್ಡಕ್ಕನ್ನೂ ಆ ಗ್ರೂಪಿಗೆ ಸೇರಿಸಿಬಿಡ್ತೀನಿ’ ಅಂದ. ನಾನು ಬೇಡ ಅಂದೆ. ಗ್ರೂಪಿನ ವಿವರ ತೆರೆದರೆ ಅದನ್ನು ಯಾರು, ಯಾವ ತಾರೀಖಿಗೆ ಮಾಡಿದ್ದು ಅಂತ ಬರೆದೇ ಇರುತ್ತದೆ. ಸೇರಿದ ಮೊದಲ ನಿಮಿಷದಲ್ಲೇ, ಇಷ್ಟು ತಿಂಗಳು ತನ್ನನ್ನು ಬಿಟ್ಟು ಇದು ನಡೆದಿದೆ ಅಂತ ಅವಳ ಕಣ್ಣಿಗೆ ಬೀಳುತ್ತಿತ್ತು. ತಡವಾಗಿ ಸೇರಿಸುವುದು ಕೆಲವೊಮ್ಮೆ ಬಿಟ್ಟದ್ದಕ್ಕಿಂತ ಹೆಚ್ಚು ನೋಯಿಸುತ್ತದೆ. ಅದರ ಬದಲು ಆ ಗ್ರೂಪನ್ನೇ ಮುಚ್ಚಿಸಿದೆ. ಮುಚ್ಚುವ ಮೊದಲು ತಮ್ಮನೇ ಅಕ್ಕನಿಗೆ ಫೋನ್ ಮಾಡಬೇಕು ಅಂತ ಪಟ್ಟು ಹಿಡಿದೆ. ‘ನೀನೇ ಹೇಳಿಬಿಡೇ ಅಕ್ಕ, ನೀನಾದ್ರೆ ಚೆನ್ನಾಗಿ ಹೇಳ್ತೀಯ’ ಅಂತ ಜಾರಿಕೊಳ್ಳಲು ನೋಡಿದ. ನಾನು ಹೇಳಿದ್ದರೆ ಅದು ನನ್ನ ಮಾತಾಗುತ್ತಿತ್ತು, ಅವನದಾಗುತ್ತಿರಲಿಲ್ಲ. ಆವತ್ತು ಸಂಜೆ ಮಾಡಿದ. ಏನು ಮಾತಾಡಿದರೋ ಕೇಳಲು ಹೋಗಲಿಲ್ಲ. ರಾತ್ರಿ ಮೇಸ್ತ್ರಿ ಕೊಟ್ಟ ಅಂದಾಜು ಚೀಟಿಯ ಫೋಟೋ ಮನೆಯ ಗ್ರೂಪಿಗೆ ಬಂತು. ಅದರ ಕೆಳಗೆ ಅಕ್ಕ, ಕಾರ್ನಿಸು ಮುಟ್ಟಬೇಡಿ, ಅಪ್ಪ ಇಷ್ಟಪಟ್ಟು ಮಾಡಿಸಿದ್ದು ಅಂತ ಬರೆದಳು.

ಹಾಗಂತ ಎರಡನೇ ಗ್ರೂಪೆಲ್ಲ ಕೆಟ್ಟದ್ದು ಅಂತಲ್ಲ. ಅತ್ತಿಗೆ, ತಮ್ಮನ ಹೆಂಡತಿ ಇಬ್ಬರೂ ಬೇರೆಯಾಗಿ ಮಾತಾಡಿಕೊಳ್ಳುತ್ತಾರೆ. ಅತ್ತೆ, ನಾದಿನಿಯರು ಇರುವ ಗ್ರೂಪಿನಲ್ಲಿ ಓರಗಿತ್ತಿಯರು ಮನಸ್ಸು ಬಿಚ್ಚಿ ಏನು ತಾನೇ ಬರೆದಾರು? ಮಕ್ಕಳಿಗೂ ಅವರದ್ದೇ ಒಂದಿದೆ. ನಾನು ನೋಡುವುದು ಒಂದನ್ನೇ: ಅಲ್ಲಿ ಇಲ್ಲದವರ ಪಾಲು, ಹೊಣೆ, ಮರ್ಯಾದೆಗೆ ಸೇರಿದ ತೀರ್ಮಾನ ಅಲ್ಲಿ ಆಗುತ್ತಿದೆಯಾ? ಆಗುತ್ತಿದ್ದರೆ ಅದು ಹರಟೆಯ ಜಾಗವಲ್ಲ, ಒಬ್ಬರನ್ನು ಹೊರಗಿಟ್ಟ ಪಂಚಾಯಿತಿ.

ಆಮೇಲೆ ನಾನು ಬದಲಿಸಿದ್ದು ಕರೆಯುವ ಕ್ರಮವನ್ನು. ಅಪ್ಪನ ಶ್ರಾದ್ಧ ತಿಥಿಯ ಲೆಕ್ಕದಲ್ಲಿ ಬರುವುದರಿಂದ ಇಂಗ್ಲಿಷ್ ತಾರೀಖು ಪ್ರತಿವರ್ಷ ಬೇರೆ, ಹೇಳಲೇಬೇಕು. ತಮ್ಮ ಎರಡು ವರ್ಷ ಅದನ್ನು ಗ್ರೂಪಿಗೆ ಹಾಕಿ ಸುಮ್ಮನಾಗಿದ್ದ. ಅಕ್ಕ ಬರಲಿಲ್ಲ. ‘ಮೆಸೇಜ್ ನೋಡಿದಾಳೆ, ಬಂದಿಲ್ಲ’ ಅಂತ ಇವನ ದೂರು; ‘ನನ್ನನ್ನು ಯಾರು ಕರೆದರು?’ ಅಂತ ಅವಳದು. ನಮ್ಮ ಕಡೆ ಕೊಟ್ಟ ಹೆಣ್ಣುಮಗಳನ್ನು ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುವ ವಾಡಿಕೆ, ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಹೋಗುವ ವಾಡಿಕೆ. ಎಲ್ಲರಿಗೂ ಒಟ್ಟಿಗೆ ಹಾಕಿದ ಮೆಸೇಜು ಅವಳ ಲೆಕ್ಕದಲ್ಲಿ ನೋಟೀಸು ಬೋರ್ಡು. ಈಗ ಶುಭವಾಗಲಿ ಅಶುಭವಾಗಲಿ, ಮಾಡುವವರೇ ಫೋನ್ ಮಾಡುತ್ತಾರೆ, ಅಕ್ಕನಿಂದ ಶುರುಮಾಡಿ ವಯಸ್ಸಿನ ಪ್ರಕಾರ. ಎಲ್ಲರಿಗೂ ಹೇಳಿಯಾದ ಮೇಲೆ ನೆನಪಿಗೆ ಮಾತ್ರ ಗ್ರೂಪಿಗೆ. ಇದನ್ನು ನಿಯಮ ಅಂತ ಎಲ್ಲೂ ಬರೆದು ಹಾಕಿಲ್ಲ. ಹಾಕಿದ್ದರೆ ಯಾರನ್ನು ಉದ್ದೇಶಿಸಿ ಅಂತ ಇನ್ನೊಂದು ರಗಳೆ. ತಮ್ಮನಿಗೆ ಮೊದಲೆರಡು ಸಲ ನೆನಪಿಸಿದೆ, ಆಮೇಲೆ ರೂಢಿಯಾಯಿತು.

ಗ್ರೂಪಿನೊಳಗಿನ ಉಪಾಯಗಳು ಹೆಚ್ಚು ಕೈಹಿಡಿಯಲಿಲ್ಲ. ಅಮ್ಮನನ್ನು ಬೇಸಿಗೆಯಲ್ಲಿ ಯಾರು ಕರೆದುಕೊಂಡು ಹೋಗುವುದು ಅಂತ ಪೋಲ್ ಹಾಕಿ ನೋಡಿದೆ. ಯಾರು ಯಾವುದಕ್ಕೆ ಒತ್ತಿದರು ಅಂತ ಹೆಸರು ಸಮೇತ ಕಾಣುತ್ತದೆ. ಅತ್ತಿಗೆ ಒತ್ತಲೇ ಇಲ್ಲ, ಅದೇ ಒಂದು ಸುದ್ದಿಯಾಯಿತು. ಅಮ್ಮ ನೋಡಿದ್ದರೆ ತನ್ನನ್ನು ಹರಾಜಿಗಿಟ್ಟ ಹಾಗೆ ಅನ್ನಿಸುತ್ತಿತ್ತೇನೋ. ಪುಣ್ಯಕ್ಕೆ ಅವಳು ಗ್ರೂಪಿನಲ್ಲಿ ಫೋಟೋ ಬಿಟ್ಟು ಬೇರೇನೂ ನೋಡುವುದಿಲ್ಲ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡು ಅಂತ ಅಣ್ಣ ಒಮ್ಮೆ ಹೇಳಿದ. ಈಗಾಗಲೇ ಬಾಯಿಗೆ ಬೀಗ ಹಾಕಿಕೊಂಡವರಿಗೆ ಹೊರಗಿನಿಂದ ಇನ್ನೊಂದು ಬೀಗ ಯಾಕೆ ಅಂತ ಬಿಟ್ಟೆ. ಬೇರೆಯವರ ಮೆಸೇಜು ಅಳಿಸುವ ಅಧಿಕಾರವೂ ಅಡ್ಮಿನ್‌ಗೆ ಇದೆ, ಆದರೆ ಅಡ್ಮಿನ್ ಅಳಿಸಿದ್ದಾರೆ ಅಂತ ಎಲ್ಲರಿಗೂ ಕಾಣುತ್ತದೆ. ಖಾರದ ಫಾರ್ವರ್ಡ್ ಬಂದರೆ ಹಾಕಿದವರಿಗೇ ಫೋನ್ ಮಾಡಿ, ಇದು ನಮ್ಮಲ್ಲಿ ಯಾರಿಗೆ ಅಂತ ಕೇಳುತ್ತೇನೆ. ಯಾರಿಗೂ ಅಲ್ಲ ಅಂದರೆ ಬಹುಮಟ್ಟಿಗೆ ಅವರೇ ತೆಗೆಯುತ್ತಾರೆ.

ಎಲ್ಲವೂ ಸರಿಹೋಗಿಲ್ಲ. ಭಾವ ಗ್ರೂಪ್ ಬಿಟ್ಟಿದ್ದಾರೆ. 2022ರಿಂದೀಚೆಗೆ ಯಾರಾದರೂ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಬರುತ್ತದೆ, ಹಾಗಾಗಿ ಮೊದಲು ಗೊತ್ತಾದದ್ದು ನನಗೆ. ಬಿಟ್ಟವರ ಪಟ್ಟಿಯಲ್ಲಿ 60 ದಿನ ಹೆಸರು ಉಳಿಯುತ್ತದೆ, ಹುಡುಕಿದವರಿಗೆ ಸಿಗುತ್ತದೆ. ನಾನಾಗಿ ಯಾರಿಗೂ ಹೇಳಲಿಲ್ಲ, ತಿರುಗಿ ಸೇರಿಸಲೂ ಇಲ್ಲ. ಫೋನ್ ಮಾಡಿದಾಗ ‘ನಿಮ್ಮ ಅಕ್ಕ ಇದ್ದಾಳಲ್ಲಮ್ಮ, ಸಾಕು’ ಅಂದರು. ಅವರ ಮಟ್ಟಿಗೆ ಅದೇ ಸರಿ ಅಂತ ಈಗ ನನಗೂ ಅನ್ನಿಸುತ್ತದೆ.

ಮನೆಯ ಪಾಲಿನ ವಿಷಯ ಹಾಗೇ ಇದೆ. ಗ್ರೂಪಿನಲ್ಲಿ ‘ನನಗೇನೂ ಬೇಡ’ ಅಂತ ಯಾರು ಬರೆದರೂ ಅದರಿಂದ ಹಕ್ಕು ಬಿಟ್ಟ ಹಾಗಾಗುವುದಿಲ್ಲ. ಬಿಡುಗಡೆ ಪತ್ರವಾಗಲಿ ವಿಭಾಗ ಪತ್ರವಾಗಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ದೀಪಾವಳಿಗೆ ಎಲ್ಲರೂ ಹಾಸನಕ್ಕೆ ಬಂದಾಗ ಅಮ್ಮನ ಎದುರು ಕೂತು ಮಾತಾಡುವುದು ಅಂತಾಗಿದೆ. ಅಣ್ಣ ಕ್ರಯಪತ್ರದ ನಕಲು ತರುತ್ತಾನೆ, ಸೋದರಮಾವನಿಗೆ ತಮ್ಮ ಫೋನ್ ಮಾಡಿ ಕರೆದಿದ್ದಾನೆ. ಭಾವನನ್ನು ಅಣ್ಣನೇ ಕರೆಯಬೇಕು, ಇನ್ನೂ ಕರೆದಿಲ್ಲ.