ಡೆಪ್ರಿಸಿಯೇಷನ್ ಅಂತ ಕಡಿದಿದ್ದ 14 ಸಾವಿರ ವಾಪಸ್ ಬಂತು: ನನ್ನ ಅನುಭವ

ಕಲಬುರಗಿಯಲ್ಲಿ ಗ್ಯಾರೇಜ್ ಇಟ್ಟವರನ್ನು ಯಾರನ್ನಾದರೂ ಕೇಳಿ, ಒಂದೇ ಮಾತು ಹೇಳುತ್ತಾರೆ. ಗಾಡಿ ಇನ್ಶೂರೆನ್ಸ್ ಕ್ಲೇಮ್‌ನಲ್ಲಿ ಪಾರ್ಟ್ ಹಳೇದಾಗಿದೆ ಅಂತ ಸರ್ವೇಯರ್ ಒಮ್ಮೆ ಕಡಿದ ಡೆಪ್ರಿಸಿಯೇಷನ್ ವಾಪಸ್ ಬರಲ್ಲ, ಕೊಟ್ಟಷ್ಟು ತಗೊಂಡು ಸುಮ್ನಿರಬೇಕು. ನಾನು ಕೇಳಲು ಹೊರಟಾಗ ನಮ್ಮ ಸಾಲಿನ ಗ್ಯಾರೇಜಿನವರೆಲ್ಲ ನಕ್ಕರು. "ಅವರ ಜೊತಿ ಜಗಳ ತೆಗೆದ್ರ ಮುಂದಿನ ಕ್ಲೇಮ್ ತಡಾ ಮಾಡ್ತಾರ, ಬಿಡ್ರಿ" ಅಂದರು. ಈಗ ದುಡ್ಡು ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಒಬ್ಬ ಹೈಸ್ಕೂಲ್ ಮಾಸ್ತರದು. ಸಣ್ಣ ಪೆಟ್ರೋಲ್ ಕಾರು, 2021ರ ಫೆಬ್ರವರಿ ನಡುವಲ್ಲಿ ರಿಜಿಸ್ಟರ್ ಆದದ್ದು. 2024ರ ಜನವರಿ ಕೊನೆಗೆ ಜೇವರ್ಗಿ ರಸ್ತೆಯಲ್ಲಿ ರಾತ್ರಿ ಹೊತ್ತು ತೊಗರಿ ಚೀಲ ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಟ್ರೈಲರಿಗೆ ಹಿಂದಿನಿಂದ ಗುದ್ದಿತು. ಟ್ರೈಲರಿಗೆ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಬಾನೆಟ್, ಎಡಗಡೆ ಫೆಂಡರ್, ಮುಂದಿನ ಪ್ಯಾನೆಲ್, ಕಂಡೆನ್ಸರ್, ಬಂಪರ್, ಹೆಡ್‌ಲ್ಯಾಂಪ್ ಎಲ್ಲ ಹೋಯಿತು. ಮಾಸ್ತರ್ ಹಿಂದಿನ ರಿನ್ಯೂವಲ್‌ನಲ್ಲಿ ಡೆಪ್ರಿಸಿಯೇಷನ್ ಕಡಿಯದ ಜೀರೋ ಡೆಪ್ ಕವರ್ ಬಿಟ್ಟಿದ್ದರು, ಎರಡು ಸಾವಿರ ಉಳಿಸಲಿಕ್ಕೆ. ನಮ್ಮ ಗ್ಯಾರೇಜಿನಲ್ಲಿ ಕ್ಯಾಶ್‌ಲೆಸ್ ಇಲ್ಲ, ಹಾಗಾಗಿ ಬಿಲ್ ಕಟ್ಟಿ ಆಮೇಲೆ ಕಂಪನಿಯಿಂದ ಪಡೆಯುವ ಲೆಕ್ಕ.

ಟ್ಯಾಕ್ಸ್ ಸೇರಿ ಬಿಲ್ ಸುಮಾರು 1 ಲಕ್ಷ 5 ಸಾವಿರ. ಕಂಪನಿ ಕೊಟ್ಟದ್ದು 70 ಸಾವಿರದ ಒಳಗೆ. ಕಡ್ಡಾಯ ಕಡಿತ 1 ಸಾವಿರ, ಹಳೇ ಪಾರ್ಟಿನ ಸ್ಕ್ರ್ಯಾಪ್ ಬೆಲೆ ಸ್ವಲ್ಪ, ಅದಿರಲಿ. ಡೆಪ್ರಿಸಿಯೇಷನ್ ಒಂದೇ 33 ಸಾವಿರದ ಮೇಲೆ. ಮಾಸ್ತರ್ ಮುಖ ನೋಡಲಾಗಲಿಲ್ಲ.

ಮೊದಲು ಸರ್ವೇಯರಿಗೆ ಫೋನ್ ಹಚ್ಚಿದೆ. "ರಿಪೋರ್ಟ್ ಕೊಟ್ಟಾಗಿದೆ, ಇನ್ನು ನನ್ನ ಕೈಲಿಲ್ಲ" ಅಂದರು. ಫೋನಿನ ಜಗಳದಿಂದ ನಯಾಪೈಸೆ ಬರಲ್ಲ, ಅದು ನನಗೆ ಹಿಂದಿನ ಕ್ಲೇಮ್‌ಗಳಲ್ಲೇ ಗೊತ್ತಾಗಿತ್ತು. ಹಿಂದೆಲ್ಲ ನಾವು "ತುಂಬಾ ಕಡಿದಿದ್ದೀರಿ, ಸ್ವಲ್ಪ ನೋಡಿ" ಅಂತ ಬರೆಯುತ್ತಿದ್ದೆವು. ಅದಕ್ಕೆ ಬರುವ ಉತ್ತರವೂ ಒಂದೇ, ಪಾಲಿಸಿ ನಿಯಮದ ಪ್ರಕಾರ ಸರಿಯಿದೆ ಅಂತ. ಈ ಸಲ ಮಾಸ್ತರ್ ಕೈಲಿ ಸರ್ವೇ ರಿಪೋರ್ಟಿನ ಕಾಪಿಯನ್ನೂ ಪಾರ್ಟ್‌ವಾರು ಲೆಕ್ಕದ ಶೀಟನ್ನೂ ಮೇಲ್ ಮಾಡಿ ಕೇಳಿಸಿದೆ. ಪಾಲಿಸಿದಾರ ಕೇಳಿದರೆ ಕೊಡಬೇಕು. ಅದು ಕೈಗೆ ಬಂದ ಮೇಲೆ ಪಾಲಿಸಿಯ ಸೆಕ್ಷನ್ 1ರಲ್ಲಿರುವ ಡೆಪ್ರಿಸಿಯೇಷನ್ ಟೇಬಲ್ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲಾಗಿ ಹಿಡಿದೆ.

ದೊಡ್ಡ ತಪ್ಪು ಪೇಂಟಿಂಗಿನಲ್ಲಿ ಸಿಕ್ಕಿತು. ನನ್ನ ಪೇಂಟಿಂಗ್ ಬಿಲ್ 16 ಸಾವಿರ, ಸಾಮಾನು, ಕೂಲಿ ಎರಡೂ ಒಟ್ಟಿಗೆ ಹಾಕಿದ್ದು. ಅವರು ಅದರ ಅರ್ಧ, 8 ಸಾವಿರ, ಹಾರಿಸಿದ್ದರು. ಆದರೆ 50% ಕಡಿಯಬೇಕಾದ್ದು ಬಣ್ಣದ ಸಾಮಾನಿನ ಮೇಲೆ ಮಾತ್ರ, ಕೂಲಿಯ ಮೇಲಲ್ಲ. ಬಿಲ್ ಒಟ್ಟಿಗಿದ್ದರೆ ಅದರ 25% ಅನ್ನು ಸಾಮಾನು ಅಂತ ಹಿಡಿಯಬೇಕು ಅಂತ ಪಾಲಿಸಿಯಲ್ಲೇ ಬರೆದಿದೆ. 16 ಸಾವಿರದ ಕಾಲು ಭಾಗ 4 ಸಾವಿರ, ಅದರ ಅರ್ಧ 2 ಸಾವಿರ. ಅಂದರೆ 6 ಸಾವಿರ ಸುಮ್ನೆ ಹೋಗಿತ್ತು.

ಇಲ್ಲೇ ಒಂದು ಮಾತು. ಇನ್ನೊಂದು ಗಾಡಿಗೆ ನಾನು ಪೇಂಟ್ ಸಾಮಾನು ಬೇರೆ, ಕೂಲಿ ಬೇರೆ ಅಂತ ಬಿಲ್ ಮಾಡಿ ನೋಡಿದ್ದೆ, ಲಾಭ ಆಗಬಹುದು ಅಂತ. ಆಗಲಿಲ್ಲ. ಪ್ರೈಮರ್, ಬೇಸ್ ಕೋಟ್, ಕ್ಲಿಯರ್, ಥಿನ್ನರ್ ಎಲ್ಲ ಕೂಡಿಸಿದರೆ ಸಾಮಾನು 40% ದಾಟುತ್ತದೆ, ಅದರ ಅರ್ಧ ಕಡಿದರೆ ಗಿರಾಕಿಗೇ ಜಾಸ್ತಿ ನಷ್ಟ. ಹಾಗಾಗಿ ನಮ್ಮಂಥ ಸಣ್ಣ ಗ್ಯಾರೇಜಿಗೆ ಒಟ್ಟು ಬಿಲ್ಲೇ ಚೆಂದ.

ಎರಡನೇದು ದಿನಾಂಕ. ಬಾನೆಟ್, ಫೆಂಡರ್ ಥರದ ಲೋಹದ ಪಾರ್ಟಿಗೆ ಗಾಡಿ ವಯಸ್ಸಿನ ಪ್ರಕಾರ ಕಡಿತ. ಎರಡು ವರ್ಷ ದಾಟಿ ಮೂರರವರೆಗೆ 15%, ಮೂರು ದಾಟಿದರೆ ಒಮ್ಮೆಲೇ 25%. ಗುದ್ದಿದ ದಿನಕ್ಕೆ ಮಾಸ್ತರ ಗಾಡಿಗೆ ಮೂರು ವರ್ಷ ತುಂಬಲು ಇನ್ನೂ ಎರಡು ವಾರ ಬಾಕಿ ಇತ್ತು. ನನ್ನ ಬಿಲ್ ಆದದ್ದು ಫೆಬ್ರವರಿ ಕೊನೆಗೆ. ಅವರು ಬಿಲ್ ದಿನ ಹಿಡಿದು 25% ಹಾಕಿದ್ದರು. ಲೋಹದ ಪಾರ್ಟು ಸುಮಾರು 48 ಸಾವಿರದ್ದು, 10% ವ್ಯತ್ಯಾಸ ಅಂದರೆ 4,800. ಆರ್‌ಸಿ ಮತ್ತು ಕ್ಲೇಮ್ ಫಾರ್ಮ್, ಎರಡೂ ದಿನಾಂಕಕ್ಕೆ ಗೆರೆ ಎಳೆದು ಲಗತ್ತಿಸಿದೆ.

ಮೂರನೇದು ಎಸಿ ಕಂಡೆನ್ಸರ್, 9 ಸಾವಿರದ್ದು. ಅದನ್ನು ರಬ್ಬರ್, ಪ್ಲಾಸ್ಟಿಕ್ ಸಾಲಿನಲ್ಲಿ ಬಂಪರ್ ಜೊತೆ ಸೇರಿಸಿ 50% ಕಡಿದಿದ್ದರು. ಅದು ಅಲ್ಯೂಮಿನಿಯಂ, ಅಲ್ವಾ? ಹಿಂದೊಮ್ಮೆ ಇಂಥದ್ದೇ ಮಾತು ಬಂದಾಗ ನಮ್ಮ ಹುಡುಗ ಸರ್ವೇಯರ್ ಮುಂದೆ ಅಯಸ್ಕಾಂತ ಹಿಡಿದು ತೋರಿಸಲು ಹೋದ. ಅಲ್ಯೂಮಿನಿಯಂಗೆ ಅಯಸ್ಕಾಂತ ಹತ್ತುತ್ತಾ? "ನೋಡ್ರಿ, ಲೋಹ ಅಲ್ಲ" ಅಂತ ಸಾಹೇಬರು ನಕ್ಕು ಹೋದರು. ಈ ಸಲ ಹಳೇ ಕಂಡೆನ್ಸರಿನ ಒಂದು ಮೂಲೆಗೆ ಅರ ಹಚ್ಚಿ ಉಜ್ಜಿದೆ. ಕರಿ ಬಣ್ಣ ಹೋಗಿ ಬೆಳ್ಳಗೆ ಹೊಳೆಯಿತು. ಗುದ್ದಿನಲ್ಲಿ ಮಡಚಿದ ಫಿನ್, ಉಜ್ಜಿದ ಮೂಲೆ, ಪಾರ್ಟ್ ನಂಬರಿನ ಚೀಟಿ, ಮೂರೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದೆ. ಅವರು ಕಡಿದ 50%ಗೆ 4,500, ಕಡಿಯಬೇಕಿದ್ದ 15%ಗೆ 1,350, ವ್ಯತ್ಯಾಸ 3,150.

ಹೆಡ್‌ಲ್ಯಾಂಪಿಗೂ ಕೈ ಹಾಕಿದ್ದೆ. ಗಾಜಿಗೆ ಕಡಿತವೇ ಇಲ್ಲ, ಇದನ್ನೂ ಗಾಜು ಅಂತ ಹಿಡಿಯಿರಿ ಅಂದೆ. ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಈಗಿನ ಹೆಡ್‌ಲ್ಯಾಂಪ್ ಮುಂದಿನ ಹೊದಿಕೆ ಪ್ಲಾಸ್ಟಿಕ್. ವಿಂಡ್‌ಶೀಲ್ಡ್ ಒಡೆದಿದ್ದರೆ ಮಾತ್ರ ಆ ವಾದ ನಡೆಯುತ್ತದೆ. ಬಂಪರ್, ಗ್ರಿಲ್, ಲೈನರ್, ಇವುಗಳ 50% ಬಗ್ಗೆ ನಾನು ಬಾಯಿ ತೆಗೆಯಲೇ ಇಲ್ಲ. ಸರಿಯಿದ್ದದ್ದನ್ನು ಸರಿಯಿದೆ ಅಂತಲೇ ಪತ್ರದಲ್ಲಿ ಬರೆದೆ. ಅದರಿಂದ ಉಳಿದ ಮಾತಿಗೆ ತೂಕ ಬಂತು ಅಂತ ನನ್ನ ಲೆಕ್ಕ.

ಪತ್ರ ಒಂದೇ ಪುಟ. ಪಾರ್ಟ್ ಹೆಸರು, ಅವರು ಹಾಕಿದ ದರ, ಪಾಲಿಸಿಯಲ್ಲಿರುವ ದರ, ವ್ಯತ್ಯಾಸದ ರೂಪಾಯಿ. ಕ್ಲೇಮ್ ವಿಭಾಗದಿಂದ ಅದೇ ಹಳೇ ಉತ್ತರ ಬಂತು. ಅದನ್ನೇ ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ, ಜೊತೆಗೇ ವಿಮಾ ನಿಯಂತ್ರಕರ ದೂರಿನ ತಾಣವಾದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿದೆವು. ಬಂದ ಹಣಕ್ಕೆ ಸಹಿ ಮಾಡುವಾಗ ಮಾಸ್ತರಿಗೆ "ಆಕ್ಷೇಪಣೆ ಉಳಿಸಿಕೊಂಡು ಪಡೆದಿದ್ದೇನೆ" ಅಂತ ಬರೆಸಿದ್ದೆ. ಸುಮ್ನೆ ಸಹಿ ಹಾಕಿ ಪೂರ್ತಿ ತೃಪ್ತಿ ಅಂದುಬಿಟ್ಟರೆ ಆಮೇಲೆ ಅದನ್ನೇ ಮುಖಕ್ಕೆ ಹಿಡಿಯುತ್ತಾರೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಲು ಕಾಗದ ತಯಾರಿತ್ತು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಅಷ್ಟು ದೂರ ಹೋಗಬೇಕಾಗಲಿಲ್ಲ.

ಪೇಂಟಿಂಗ್ ಮತ್ತು ದಿನಾಂಕದ ದುಡ್ಡು ಒಟ್ಟಿಗೆ ಬಂತು, 10 ಸಾವಿರದ ಮೇಲೆ ಚಿಲ್ಲರೆ. ಕಂಡೆನ್ಸರಿಗೆ ಮತ್ತೆ ಎಳೆದಾಡಿದರು. ಫೋಟೋ ಎರಡನೇ ಸಲ ಕಳಿಸಿದ ಮೇಲೆ ಅದೂ ಬಂತು. ಆ ಎರಡನೇ ಮೇಲನ್ನು ಯಾರಿಗೆ, ಯಾವ ವಿಷಯ ಸಾಲು ಹಾಕಿ ಕಳಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ, ನನ್ನ ಮುಂದಿನ ಕ್ಲೇಮ್‌ಗಳಿಗೂ ಬೇಕಲ್ಲ. ನಕ್ಕವರಲ್ಲಿ ಇಬ್ಬರು ಆಗಲೇ ತಮ್ಮ ಗಿರಾಕಿಗಳ ಶೀಟ್ ಹಿಡಿದು ಬಂದಿದ್ದಾರೆ. ಒಂದರಲ್ಲಿ ಡೆಂಟಿಂಗ್ ಕೂಲಿಗೂ 40% ಕಡಿದಿದ್ದಾರೆ. ಕೂಲಿಗೆ ಡೆಪ್ರಿಸಿಯೇಷನ್ನೇ ಇಲ್ಲ, ಆ ಪತ್ರ ನಾಳೆ ಹೋಗುತ್ತದೆ.