ವೇಗಾವನ್ನು ಡೆಲ್ಟಾದಿಂದ ಭಾಗಿಸಿ ನೋಡುವ ಕ್ರಮ: ನನ್ನ ಅನುಭವ

ಕಂಪನಿಯ ಫಲಿತಾಂಶ ಪ್ರಕಟವಾಗುವ ಹಿಂದಿನ ದಿನ ಕಾಲ್ ಆಪ್ಷನ್ ಕೊಂಡವರು, ಮರುದಿನ ಷೇರಿನ ಬೆಲೆ ಏರಿದ್ದರೂ ತಮ್ಮ ಪ್ರೀಮಿಯಂ ಇಳಿದಿರುವುದನ್ನು ಕಂಡು ಗೊಂದಲಕ್ಕೆ ಒಳಗಾಗುವುದು ಸಾಮಾನ್ಯ. ಷೇರಿನ ಬೆಲೆ ಬದಲಾದರೆ ಪ್ರೀಮಿಯಂ ಎಷ್ಟು ಬದಲಾಗುತ್ತದೆ ಎಂದು ಹೇಳುವ ಡೆಲ್ಟಾ ಮತ್ತು ವೊಲಾಟಿಲಿಟಿ ಬದಲಾದರೆ ಎಷ್ಟು ಬದಲಾಗುತ್ತದೆ ಎಂದು ಹೇಳುವ ವೇಗಾಗಳನ್ನು ಬೇರೆ ಬೇರೆಯಾಗಿ ಓದುವುದರ ಬದಲು ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿದರೆ, ಹೀಗಾಗುವ ಸಂಭವ ಎಷ್ಟಿದೆ ಎಂಬುದು ಕೊಳ್ಳುವ ಮೊದಲೇ ತಿಳಿಯುತ್ತದೆ. ಇಂತಹ ದಿನಗಳ ಮುನ್ನ ನಾನು ಅನುಸರಿಸುವ ಕ್ರಮವನ್ನು ಒಂದೇ ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇನೆ.

ಷೇರಿನ ಬೆಲೆ 100, ಸ್ಟ್ರೈಕ್ 100, ಎಕ್ಸ್‌ಪೈರಿಗೆ 30 ದಿನ, ಆಪ್ಷನ್‌ನ ಬೆಲೆಯಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆಯಾದ ಇಂಪ್ಲೈಡ್ ವೊಲಾಟಿಲಿಟಿ ಶೇ 40 ಎಂದು ಇಟ್ಟುಕೊಳ್ಳೋಣ. ಲೆಕ್ಕ ಸರಳವಾಗಲೆಂದು ಬಡ್ಡಿ ಮತ್ತು ಡಿವಿಡೆಂಡ್ ಎರಡನ್ನೂ ಸೊನ್ನೆ ಎಂದು ಭಾವಿಸಿದ್ದೇನೆ. ಬ್ಲ್ಯಾಕ್-ಶೋಲ್ಸ್ ಸೂತ್ರದ ಪ್ರಕಾರ ಈ ಕಾಲ್‌ನ ಬೆಲೆ 4.57, ಡೆಲ್ಟಾ 0.52, ವೇಗಾ 0.114. ಅಂದರೆ ಷೇರು 1 ಏರಿದರೆ ಪ್ರೀಮಿಯಂ ಸುಮಾರು 0.52 ಏರುತ್ತದೆ, ವೊಲಾಟಿಲಿಟಿ ಶೇ 40ರಿಂದ ಶೇ 39ಕ್ಕೆ ಇಳಿದರೆ 0.114 ಕಳೆದುಹೋಗುತ್ತದೆ.

ಮುಂದಕ್ಕೆ ಹೋಗುವ ಮುನ್ನ ವೇಗಾದ ಅಳತೆಯನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಕೆಲವು ತಂತ್ರಾಂಶಗಳು ಒಂದು ಪಾಯಿಂಟ್ ಬದಲಾವಣೆಗೆ ತಕ್ಕಂತೆ 0.114 ಎಂದು ತೋರಿಸಿದರೆ, ಇನ್ನು ಕೆಲವು ಅದನ್ನೇ 11.4 ಎಂದು ತೋರಿಸುತ್ತವೆ. ಸ್ಟ್ರೈಕ್ ಷೇರಿನ ಬೆಲೆಯ ಆಸುಪಾಸಿನಲ್ಲಿದ್ದಾಗ ಒಂದು ಪಾಯಿಂಟಿನ ವೇಗಾ ಸರಿಸುಮಾರು 0.004 × S × √T ಆಗಿರುತ್ತದೆ. ಇಲ್ಲಿ S ಷೇರಿನ ಬೆಲೆ, T ವರ್ಷದ ಲೆಕ್ಕದಲ್ಲಿ ಉಳಿದ ಕಾಲ. 30 ದಿನಕ್ಕೆ √T ಎಂದರೆ 0.287, ಆದ್ದರಿಂದ ಉತ್ತರ 0.115. ಪರದೆಯ ಮೇಲಿನ ಅಂಕಿ ಇದರ ಹತ್ತಿರವಿದ್ದರೆ ಮಾತ್ರ ನಾನು ಮುಂದಿನ ಲೆಕ್ಕಕ್ಕೆ ಕೈ ಹಾಕುತ್ತೇನೆ.

ಈಗ ವೇಗಾವನ್ನು ಡೆಲ್ಟಾದಿಂದ ಭಾಗಿಸಿದರೆ 0.22 ಬರುತ್ತದೆ. ವೊಲಾಟಿಲಿಟಿ ಒಂದು ಪಾಯಿಂಟ್ ಇಳಿದಾಗ ಆಗುವ ನಷ್ಟವನ್ನು ತುಂಬಲು ಷೇರು 0.22 ಏರಬೇಕು ಎಂಬುದೇ ಇದರ ಅರ್ಥ. ಫಲಿತಾಂಶದ ನಂತರ ವೊಲಾಟಿಲಿಟಿ ಶೇ 25ಕ್ಕೆ ಮರಳುತ್ತದೆ ಎಂದು ಅಂದಾಜಿಸಿದರೆ, ಆ 15 ಪಾಯಿಂಟುಗಳಿಗೆ ಷೇರು ಸುಮಾರು 3.3 ಏರಿದರಷ್ಟೇ ಕೊಂಡ ಬೆಲೆ ಉಳಿಯುತ್ತದೆ. ಷೇರು 102ಕ್ಕೆ ಏರಿತು ಎನ್ನಿ. ಡೆಲ್ಟಾದಿಂದ ಬಂದದ್ದು 1.05, ವೇಗಾದಿಂದ ಹೋದದ್ದು 1.71, ನಿವ್ವಳ ನಷ್ಟ 0.66. ಪೂರ್ಣ ಸೂತ್ರದಿಂದ ಮರುದಿನದ ಬೆಲೆಯನ್ನು ಕಂಡುಹಿಡಿದರೆ ಅದು 3.95; ನಿಜವಾದ ನಷ್ಟ 0.62. ಕಳೆದ ಒಂದು ದಿನದ ಸವಕಳಿ ಮತ್ತು ಷೇರು ಏರಿದಂತೆ ಡೆಲ್ಟಾ ಹಿಗ್ಗುವುದು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತವೆ. ಹೀಗಾಗಿ ಎರಡೇ ಅಂಕಿಗಳ ಅಂದಾಜು ಇಷ್ಟು ಹತ್ತಿರ ಬರುತ್ತದೆ. ಷೇರಿನ ಚಲನೆ ದೊಡ್ಡದಾದಷ್ಟೂ ಅಂದಾಜು ಸಡಿಲವಾಗುತ್ತದೆ.

ವೊಲಾಟಿಲಿಟಿ ಎಷ್ಟು ಇಳಿಯಬಹುದು ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ವೊಲಾಟಿಲಿಟಿಯ ವರ್ಗವನ್ನು ದಿನಗಳಿಂದ ಗುಣಿಸಿದರೆ ಆ ಅವಧಿಯ ಒಟ್ಟು ಚಲನೆಯ ಅಳತೆ ಸಿಗುತ್ತದೆ, ಮತ್ತು ಈ ಅಳತೆಗಳನ್ನು ಕೂಡಬಹುದು, ಕಳೆಯಬಹುದು. ಮೇಲಿನ ಉದಾಹರಣೆಯಲ್ಲಿ 0.16 × 30 ಎಂದರೆ 4.8. ಮಾಮೂಲು ದಿನಗಳ ವೊಲಾಟಿಲಿಟಿ ಶೇ 25 ಆಗಿದ್ದರೆ ಉಳಿದ 29 ದಿನಗಳ ಪಾಲು 1.81. ಮಿಕ್ಕ 2.99 ಪೂರ್ತಿಯಾಗಿ ಫಲಿತಾಂಶದ ಆ ಒಂದು ದಿನಕ್ಕೆ ಸೇರಿದ್ದು. ಅದನ್ನು 365ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಶೇ 9: ಮಾರುಕಟ್ಟೆಯು ಆ ದಿನಕ್ಕೆ ಬೆಲೆ ಕಟ್ಟಿರುವ ಪ್ರಮಾಣಿತ ವಿಚಲನೆ ಇಷ್ಟು. ಶೇ 2ರ ಏರಿಕೆ ಏಕೆ ಸಾಲಲಿಲ್ಲ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ.

ಅವಧಿಯ ವಿಷಯದಲ್ಲಿ ವೇಗಾ ದಾರಿ ತಪ್ಪಿಸುವುದು ಈ ಕಾರಣಕ್ಕಾಗಿಯೇ. 7 ದಿನಗಳ ಆಪ್ಷನ್‌ನ ವೇಗಾ 0.055, 90 ದಿನಗಳದ್ದು 0.197. ಸಣ್ಣ ವೇಗಾ ಕಂಡು, ಅವಧಿ ಕಡಿಮೆಯಿರುವ ಆಪ್ಷನ್‌ನಲ್ಲಿ ವೊಲಾಟಿಲಿಟಿಯ ಅಪಾಯ ಕಡಿಮೆ ಎಂದು ಭಾವಿಸುವವರು ಬಹಳ ಮಂದಿ. ಆದರೆ ಅದೇ 2.99ರ ಪಾಲು 7 ದಿನಗಳ ಮೇಲೆ ಹಂಚಿಕೆಯಾದಾಗ ಇಂಪ್ಲೈಡ್ ವೊಲಾಟಿಲಿಟಿ ಸುಮಾರು ಶೇ 69 ಆಗುತ್ತದೆ, 90 ದಿನಗಳ ಮೇಲೆ ಹಂಚಿಕೆಯಾದಾಗ ಶೇ 31 ಮಾತ್ರ. ಎರಡೂ ಮರುದಿನ ಶೇ 25ಕ್ಕೆ ಬಂದರೆ, ಮೊದಲನೆಯದು 44 ಪಾಯಿಂಟ್ ಇಳಿದು ಸುಮಾರು 2.4 ಕಳೆದುಕೊಳ್ಳುತ್ತದೆ, ಎರಡನೆಯದು 6 ಪಾಯಿಂಟ್ ಇಳಿದು 1.2ರಷ್ಟನ್ನು. ಬೇರೆ ಬೇರೆ ಎಕ್ಸ್‌ಪೈರಿಗಳ ವೇಗಾಗಳನ್ನು ನಾನು ನೇರವಾಗಿ ಕೂಡುವುದಿಲ್ಲ. ಪ್ರತಿಯೊಂದನ್ನೂ ಅದರದೇ ನಿರೀಕ್ಷಿತ ಇಳಿಕೆಯಿಂದ ಗುಣಿಸಿದ ಮೇಲಷ್ಟೇ ಕೂಡುತ್ತೇನೆ.

ಅಗ್ಗವೆಂಬ ಕಾರಣಕ್ಕೆ ದೂರದ ಸ್ಟ್ರೈಕ್ ಆರಿಸುವವರಿಗೆ ಪರಿಸ್ಥಿತಿ ಇನ್ನೂ ಕಠಿಣ. 30 ದಿನಗಳ 110ರ ಕಾಲ್‌ಗೂ ಶೇ 40ನ್ನೇ ಇಟ್ಟರೆ ಬೆಲೆ 1.37, ಡೆಲ್ಟಾ 0.22, ವೇಗಾ 0.085. ಭಾಗಲಬ್ಧ 0.39, ಅಂದರೆ 15 ಪಾಯಿಂಟುಗಳಿಗೆ ಷೇರು 5.8 ಏರಬೇಕು. ಷೇರು 102ಕ್ಕೆ ಬಂದ ಮರುದಿನ ಇದರ ಬೆಲೆ 0.54, ಹಾಕಿದ ಹಣದ ಶೇ 60ರಷ್ಟು ಮಾಯ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಷೇರು 100ರಲ್ಲೇ ನಿಂತು ವೊಲಾಟಿಲಿಟಿ ಮಾತ್ರ ಇಳಿದರೂ ಈ ಕಾಲ್‌ನ ಡೆಲ್ಟಾ 0.22ರಿಂದ 0.09ಕ್ಕೆ ಕುಸಿಯುತ್ತದೆ. ಹಿಂದಿನ ದಿನದ ಡೆಲ್ಟಾ ನೋಡಿ ಹೆಡ್ಜ್ ಮಾಡಿಟ್ಟವರ ಹೆಡ್ಜ್ ಬೆಳಗಾಗುವಷ್ಟರಲ್ಲಿ ಬೇಕಾದದ್ದರ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ.

ಷೇರು ಮಿತವಾಗಿ ಏರುತ್ತದೆ ಎಂಬ ಅಭಿಪ್ರಾಯ ನನಗಿದ್ದಾಗ, 100ರ ಕಾಲ್ ಕೊಂಡು 110ರ ಕಾಲ್ ಮಾರುತ್ತೇನೆ. ನಿವ್ವಳ ಡೆಲ್ಟಾ 0.30, ನಿವ್ವಳ ವೇಗಾ 0.029, ಭಾಗಲಬ್ಧ 0.10ಕ್ಕೆ ಇಳಿಯುತ್ತದೆ, ಹಾಗಾಗಿ 15 ಪಾಯಿಂಟುಗಳ ಇಳಿಕೆಗೆ ಷೇರು 1.5 ಏರಿದರೆ ಸಾಕು. ಈ ಸ್ಪ್ರೆಡ್‌ಗೆ ಕೊಟ್ಟದ್ದು 3.21, ಷೇರು 102ಕ್ಕೆ ಬಂದ ಮರುದಿನದ ಬೆಲೆ 3.41. ಕೊಂಡ ಕಾಲ್ ಒಂದೇ ಇದ್ದಿದ್ದರೆ ನಷ್ಟ ತರುತ್ತಿದ್ದ ಅದೇ ಚಲನೆ ಇಲ್ಲಿ 0.20 ಲಾಭ ಕೊಟ್ಟಿದೆ. ಪ್ರತಿಯಾಗಿ ಬಿಟ್ಟುಕೊಟ್ಟದ್ದು 110ರಾಚೆಯ ಲಾಭ: ಷೇರು 120 ತಲುಪಿದರೂ ಎಕ್ಸ್‌ಪೈರಿಯಲ್ಲಿ ಸ್ಪ್ರೆಡ್‌ಗೆ 10ಕ್ಕಿಂತ ಹೆಚ್ಚು ಸಿಗದು.

ವಾಸ್ತವದಲ್ಲಿ ಎರಡೂ ಸ್ಟ್ರೈಕ್‌ಗಳ ವೊಲಾಟಿಲಿಟಿ ಒಂದೇ ಇರುವುದಿಲ್ಲ, ಒಂದೇ ಪ್ರಮಾಣದಲ್ಲಿ ಇಳಿಯುವುದೂ ಇಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಇಳಿಕೆ ಹಾಕಿ ನೋಡುತ್ತೇನೆ. ಕೊನೆಯ ವಹಿವಾಟಿನ ಬೆಲೆ ಹಳೆಯದಾಗಿರಬಹುದಾದ ಕಾರಣ, ವೊಲಾಟಿಲಿಟಿಯನ್ನು ಬಿಡ್ ಮತ್ತು ಆಸ್ಕ್ ನಡುವಿನ ಬೆಲೆಯಿಂದಲೇ ತೆಗೆಯುತ್ತೇನೆ. ಯುರೋಪಿಯನ್ ಮಾದರಿಯ ಆಪ್ಷನ್‌ಗಳಲ್ಲಿ ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಬೇರೆ ಬೇರೆ ವೊಲಾಟಿಲಿಟಿ ತೋರಿಸಿದರೆ, ಯಾವುದೋ ಒಂದು ಬೆಲೆ ಹಳಸಿದೆ ಅಥವಾ ನಾನು ಹಾಕಿದ ಬಡ್ಡಿ, ಡಿವಿಡೆಂಡ್ ಸರಿಯಿಲ್ಲ ಎಂದರ್ಥ. ಅದು ಸರಿಹೋಗುವವರೆಗೆ ಭಾಗಾಕಾರ ಮಾಡುವುದಿಲ್ಲ. ಷೇರು ಎರಡು ಸ್ಟ್ರೈಕ್‌ಗಳ ನಡುವಣ 105ರ ಸುತ್ತಮುತ್ತ ದಾಟಿದಾಗ ಸ್ಪ್ರೆಡ್‌ನ ವೇಗಾ ಋಣವಾಗುತ್ತದೆ, ಅಲ್ಲಿಂದ ಮುಂದೆ ವೊಲಾಟಿಲಿಟಿ ಇಳಿಯುವುದು ನನಗೆ ಅನುಕೂಲ. ಆದ್ದರಿಂದ ಫಲಿತಾಂಶದ ನಂತರ ಹಳೆಯ ಭಾಗಲಬ್ಧವನ್ನು ಬದಿಗಿಟ್ಟು, ಹೊಸ ಬೆಲೆಗಳಿಂದ ಡೆಲ್ಟಾ, ವೇಗಾ ಎರಡನ್ನೂ ಮತ್ತೆ ತೆಗೆದ ಮೇಲೆಯೇ ಸ್ಪ್ರೆಡ್ ಇಟ್ಟುಕೊಳ್ಳಬೇಕೋ ಮುಗಿಸಬೇಕೋ ಎಂದು ನಿರ್ಧರಿಸುತ್ತೇನೆ.