ಹೆಚ್ಚಿದ ಸೇಬು ಕಂದದಿರಲು ಒಂದು ಚಿಟಿಕೆ ತಾಳ್ಮೆ, ಒಂದು ಚಮಚ ಉಪ್ಪು

ಬೆಳಗ್ಗೆ ಸೇಬು ಹೆಚ್ಚಿ ತಟ್ಟೆಯಲ್ಲಿ ಹರವಿಟ್ಟು, ಮಗುವಿಗೆ ಜಡೆ ಹೆಣೆದು ಬಂದಮೇಲೆ ಡಬ್ಬಿಗೆ ತುಂಬುತ್ತೀರಿ. ಅಷ್ಟರಲ್ಲಿ ಅದು ಕಂದಿರುತ್ತದೆ. ಆಮೇಲೆ ಹಣ್ಣಿನ ಅಂಗಡಿಯವನನ್ನು ಬೈಯುವುದು! ಅವನದೇನು ತಪ್ಪು ಹೇಳಿ?

ಹಣ್ಣಿನೊಳಗೆ ಒಗರಿನ ಅಂಶ ಒಂದು ಕಡೆ, ಅದನ್ನು ಕಂದಿಸುವ ಕಿಣ್ವ ಇನ್ನೊಂದು ಕಡೆ, ಪ್ರತ್ಯೇಕವಾಗಿರುತ್ತವೆ. ಹೆಚ್ಚಿದ ಕೂಡಲೇ ಎರಡೂ ಸೇರುತ್ತವೆ, ಗಾಳಿಯೂ ತಗಲುತ್ತದೆ, ಬಣ್ಣ ತಿರುಗುತ್ತದೆ. ಮೊಂಡು ಚಾಕುವಾದರೆ ಹಣ್ಣು ಜಜ್ಜಿ ಇನ್ನೂ ಬೇಗ. ಕಬ್ಬಿಣದ ಈಳಿಗೆಮಣೆಯಂತೂ ಬೇಡವೇ ಬೇಡ, ಒಗರಿಗೆ ಕಬ್ಬಿಣ ಸೇರಿದರೆ ಕಪ್ಪೇ. ಹರಿತವಾದ ಸ್ಟೀಲ್ ಚಾಕು ಇರಲಿ.

ಸೇಬಿಗೆ ಉಪ್ಪುನೀರಿನಷ್ಟು ಒಳ್ಳೆಯದು ಬೇರೆ ಇಲ್ಲ. ಪಾತ್ರೆಯಲ್ಲಿ ಒಂದು ಲೀಟರಿನಷ್ಟು ತಣ್ಣೀರು, ಅದಕ್ಕೆ ಒಂದು ಸಣ್ಣ ಚಮಚ ಪುಡಿ ಉಪ್ಪು. ನಾಲಿಗೆಗೆ ಹಚ್ಚಿ ನೋಡಿ: ಉಪ್ಪಿದೆ ಅನ್ನಿಸಬೇಕು, ಸಾರಿನಷ್ಟು ಇರಬಾರದು. ನೀರು ಮೊದಲು, ಹೆಚ್ಚುವುದು ಆಮೇಲೆ. ಪ್ರತಿ ಹೋಳೂ ಚಾಕುವಿನಿಂದ ನೇರ ನೀರಿಗೇ ಬೀಳಬೇಕು. ಇಲ್ಲೇ ಎಲ್ಲರೂ ಎಡವುವುದು. ಸೇಬು ನೀರಲ್ಲಿ ತೇಲುತ್ತದೆ, ಮೇಲೆದ್ದ ಬದಿಗೆ ಗಾಳಿ ತಗಲಿ ಅಲ್ಲೇ ಕಂದು ಗೆರೆ ಏಳುತ್ತದೆ. ಅದಕ್ಕೆ ಒಂದು ಪುಟ್ಟ ತಟ್ಟೆ ಬೋರಲು ಹಾಕಿ, ಹೋಳುಗಳೆಲ್ಲ ಮುಳುಗುವಂತೆ ಅದುಮಿಡಿ. ಹತ್ತು ನಿಮಿಷ ಸಾಕು. ಮರೆತು ಅರ್ಧ ಗಂಟೆ ಬಿಟ್ಟರೆ ಹೋಳು ಉಪ್ಪು ಹೀರಿ ಮೆತ್ತಗಾಗುತ್ತದೆ. ತೆಗೆದು ತಿಳಿನೀರಲ್ಲಿ ಒಮ್ಮೆ ಜಾಲಿಸಿ, ಬಟ್ಟೆಯಲ್ಲಿ ಒತ್ತಿ, ಡಬ್ಬಿಗೆ ಬಿಗಿಯಾಗಿ ತುಂಬಿ. ಅರ್ಧ ಡಬ್ಬಿ ಖಾಲಿ ಬಿಟ್ಟರೆ ಅಷ್ಟೂ ಗಾಳಿಯೇ ತಾನೆ? ಮಧ್ಯಾಹ್ನದ ಊಟದ ಬಿಡುವಿನವರೆಗೆ ಬಿಳುಪಾಗೇ ಇರುತ್ತದೆ. ಸಂಜೆವರೆಗೂ ಇರಲಿ ಅಂದರೆ ಆಗದು.

ಬಾಳೆದಿಂಡು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವುದೂ ಇದೇ ಕಾರಣಕ್ಕೆ. ನಾರನ್ನು ಬೆರಳಿಗೆ ಸುತ್ತಿ ತೆಗೆಯಲು ಈಗಿನವರಿಗೆ ಬೇಜಾರು, ಆಮೇಲೆ ಪಲ್ಯ ಹಲ್ಲಿಗೆ ಸಿಕ್ಕುತ್ತೆ ಅಂತ ದೂರು.

ಬಾಳೆಹಣ್ಣನ್ನು ಮಾತ್ರ ನೀರಿಗೆ ಹಾಕಬೇಡಿ, ಲೋಳೆಲೋಳೆಯಾಗುತ್ತದೆ. ನಾಲ್ಕು ಏಲಕ್ಕಿ ಬಾಳೆಗೆ ಅರ್ಧ ನಿಂಬೆಹಣ್ಣಿನ ರಸ ಚಿಮುಕಿಸಿ, ಚಮಚ ಮುಟ್ಟಿಸದೆ ಬಟ್ಟಲನ್ನೇ ಕುಲುಕಿ. ಹುಳಿಗೆ ಆ ಕಿಣ್ವದ ಶಕ್ತಿ ಕುಗ್ಗುತ್ತದೆ. ಹುಳಿ ಬೇಡ ಎಂದರೆ ಕಿತ್ತಳೆ ರಸ ಆದೀತು, ಅದರಲ್ಲಿರುವ ಸಿ ಜೀವಸತ್ವವೂ ಬಣ್ಣ ತಿರುಗುವುದನ್ನು ತಡೆಯುತ್ತದೆ. ಆದರೂ ಗಂಟೆಗಟ್ಟಲೆ ನಿಲ್ಲುವ ಹಣ್ಣಲ್ಲ ಅದು. ರಸಾಯನಕ್ಕಾದರೆ ಕಾಯಿಹಾಲು, ಬೆಲ್ಲ, ಏಲಕ್ಕಿ ಎಲ್ಲ ಕಲಸಿಟ್ಟುಕೊಂಡು, ಎಲೆ ಹಾಕಿದ ಮೇಲೆ ಹಣ್ಣನ್ನು ನೇರ ಆ ಹಾಲಿಗೇ ಹೆಚ್ಚಿ ಮುಳುಗಿಸಿ.